ಚಕ್ರತಾಳದ ನಡುವೆ ಚುಚ್ಚುತ್ತಿದ್ದ ‘ಸ’ಕಾರ

ಶಿರಸಿಯಲ್ಲಿ ಧ್ವನಿಮುದ್ರಿಸಿದ ಯಕ್ಷಗಾನ ಶೈಲಿಯ ಹಾಡೊಂದರ ಮಿಕ್ಸಿಂಗ್ ನನ್ನ ಪಾಲಿಗೆ ಬಂದಿತ್ತು. ಚಂಡೆ, ಮದ್ದಳೆ, ಚಕ್ರತಾಳ, ಹಾರ್ಮೋನಿಯಂ ಎಲ್ಲ ಸೇರಿ ಗಾಯಕಿಯ ದನಿ ಹೂತುಹೋಗುತ್ತಿತ್ತು. ದನಿ ಏರಿಸಿದರೆ ‘ಸ’, ‘ಶ’ ಕಿವಿಗೆ ಸೂಜಿಯಂತೆ ಚುಚ್ಚುತ್ತಿದ್ದವು.

ಇದಕ್ಕೆ ಅರ್ಧ ಕಾರಣ ಕಂಪ್ರೆಸರ್. ಅದು ಜೋರಾದ ಸ್ವರಗಳನ್ನು ತಗ್ಗಿಸುತ್ತದೆ. ಸಣ್ಣಗಿರುವ ಸಕಾರವನ್ನು ಮುಟ್ಟುವುದಿಲ್ಲ. ಆಮೇಲೆ ಒಟ್ಟು ಮಟ್ಟ ಏರಿಸಿದಾಗ ಸಕಾರವೂ ಏರುತ್ತದೆ. ಹಾಗಾಗಿ ಮೊದಲು ಕ್ಲಿಪ್ ಗೇನ್‌ನಲ್ಲಿ ಒಂದೊಂದು ಸಾಲಿನ ಮಟ್ಟವನ್ನೂ ಸರಿದೂಗಿಸಿದೆ. ಕಂಪ್ರೆಸರ್‌ನ ಹೊರೆ ಇಳಿಯಿತು. ಅದರ ನಂತರ, ಚುಚ್ಚುವ ಸಕಾರವನ್ನಷ್ಟೇ ತಗ್ಗಿಸುವ ಡಿ-ಎಸ್ಸರ್ ಇಟ್ಟೆ.

ಈ ಗಾಯಕಿಯ ‘ಸ’ 7 ಕಿಲೋಹರ್ಟ್ಸ್ ಸುತ್ತ ಇತ್ತು, ‘ಶ’ ಅದಕ್ಕಿಂತ ಕೆಳಗೆ, 4ರ ಆಸುಪಾಸಿನಲ್ಲಿ. ಒಂದೇ ಡಿ-ಎಸ್ಸರ್‌ನಿಂದ ಎರಡನ್ನೂ ಹಿಡಿಯಲು ಹೊರಟರೆ ಸ್ವರಗಳ ಸ್ಪಷ್ಟತೆಯೇ ಹೋಗುತ್ತದೆ. ಆದ್ದರಿಂದ ಡಿ-ಎಸ್ಸರ್ ‘ಸ’ಕ್ಕೆ ಮಾತ್ರ, ಗರಿಷ್ಠ 5 ಡೆಸಿಬಲ್ ಇಳಿಕೆ. ಇನ್ನೂ ಹೆಚ್ಚಿಸಿದಾಗ ಗಾಯಕಿ ತೊದಲಿದಂತೆ ಕೇಳಿಸಿತು. ‘ಶ’ಗಳನ್ನು ಅಲೆರೂಪದಲ್ಲಿ ಹುಡುಕಿ ಕೈಯಿಂದಲೇ 3-4 ಡೆಸಿಬಲ್ ತಗ್ಗಿಸಿದೆ. ಬೇಸರದ ಕೆಲಸ, ಆದರೆ ಇದಕ್ಕೆ ಸಮನಾದ ಉಪಕರಣ ನಾನು ಕಂಡಿಲ್ಲ.

ಹಾಡಿನುದ್ದಕ್ಕೂ ದನಿಯ ಮಟ್ಟವನ್ನು ಏರಿಳಿಸುವ ಫೇಡರ್ ಆಟೊಮೇಷನ್ ಕೊನೆಗೆ. ಚಂಡೆ ಏರುವಲ್ಲಿ ದನಿಗೆ ಒಂದೂವರೆ ಡೆಸಿಬಲ್ ಏರಿಕೆ ಸಾಕಾಯಿತು. ಫೇಡರ್ ಡಿ-ಎಸ್ಸರ್‌ನ ನಂತರ ಬರುವುದರಿಂದ ಡಿ-ಎಸ್ಸರ್ ಕೆಲಸ ಶುರುಮಾಡುವ ಮಿತಿ ಕದಲುವುದಿಲ್ಲ. ಚಕ್ರತಾಳ ಮೊಳಗುವಾಗ ಅದರ ಸದ್ದೇ ಸಕಾರವನ್ನು ಮರೆಮಾಡುತ್ತದೆ. ಅದು ನಿಂತ ಸಾಲುಗಳಲ್ಲಿ ಮಾತ್ರ ಡಿ-ಎಸ್ಸರ್ ಅನ್ನು ತುಸು ಬಿಗಿ ಮಾಡಿದೆ.