ಹಸಿರು ಆಲೂಗಡ್ಡೆ: ನಮ್ಮ ಮೆಸ್ಸಿನಲ್ಲಿ ನಾನು ಕಂಡುಕೊಂಡ ದಾರಿ

ಸೆಪ್ಟೆಂಬರಿನಲ್ಲಿ ತಂದ ಆಲೂಗಡ್ಡೆಯನ್ನು ನವೆಂಬರ್ ಕೊನೆವರೆಗೂ ಹಸಿರಾಗದಂತೆ ಇಡುತ್ತೇನೆ ಅಂದಾಗ ನಮ್ಮ ಭಾವ ನಕ್ಕಿದ್ದರು. ಕೋಲ್ಡ್ ಸ್ಟೋರೇಜ್ ಇಲ್ಲದೆ ಆಗೋ ಮಾತಾ ಅಂತ ಮಂಡಿಯವರೂ ದನಿಗೂಡಿಸಿದ್ದರು. ಈಗ ಅದೇ ಭಾವ ತಮ್ಮ ಅಂಗಡಿಯ ಹಿಂದಿನ ಕೋಣೆಯನ್ನೂ ನಮ್ಮ ಹಾಗೇ ಮಾಡಿಕೊಂಡಿದ್ದಾರೆ. ಹಾಗಾಗಿ ಬರೆಯೋ ಧೈರ್ಯ ಬಂತು.

ನಮ್ಮದು ಹಾಸನದಲ್ಲಿ ಸಣ್ಣ ಮೆಸ್ಸು. ಬೆಳಗ್ಗೆ ಮಸಾಲೆ ದೋಸೆ, ಸಂಜೆ ಬೋಂಡ, ಮಧ್ಯೆ ಮಧ್ಯೆ ಕೇಟರಿಂಗ್. ದುದ್ದ, ಶಾಂತಿಗ್ರಾಮದ ಕಡೆ ಗಡ್ಡೆ ಕೀಳುವಾಗ ರೇಟು ಬೀಳುತ್ತದೆ. ಆಗ ರೈತರಿಂದಲೇ ಐವತ್ತು ಕೆಜಿಯ ಮೂಟೆಗಳನ್ನು ತಂದು ಹಾಕಿಕೊಳ್ಳುತ್ತೇನೆ. ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ಎರಡು ತಿಂಗಳಾಗುವಷ್ಟರಲ್ಲಿ ಮೂಟೆಗೆ ಹನ್ನೆರಡು, ಹದಿನೈದು ಕೆಜಿ ಹಸಿರಾಗಿಯೋ ಮೊಳಕೆ ಬಂದೋ ಹೋಗುತ್ತಿತ್ತು. ಕೆಜಿಗೆ ಇಪ್ಪತ್ತೈದು ರೂಪಾಯಿ ಅಂತ ಹಿಡಿದರೂ ಮೂಟೆಗೆ ಮುನ್ನೂರು ರೂಪಾಯಿ ಮೇಲೆ ಚರಂಡಿಗೆ. ಉಳಿತಾಯ ಎಲ್ಲಿ ಬಂತು?

ಬಿಸಾಡದೆ ಹಾಕಿದರೆ ಇನ್ನೊಂದು ತಾಪತ್ರಯ. ಒಂದು ಸಲ ಪಲ್ಯ ತಿಂದ ಗಿರಾಕಿ, "ಏನ್ರೀ, ಕೆಸುವಿನ ಸೊಪ್ಪು ತಿಂದಂಗೆ ಗಂಟಲು ಉರಿಯುತ್ತೆ" ಅಂದರು. ನಮ್ಮ ಭಟ್ಟರು ಮೆಣಸಿನಕಾಯಿ ಜಾಸ್ತಿ ಆಯ್ತು ಅಂದುಬಿಟ್ಟರು. ಉಳಿದ ಪಲ್ಯ ತಿಂದ ಅಡುಗೆಮನೆ ಹುಡುಗರಿಗೆ ರಾತ್ರಿ ವಾಂತಿ, ಹೊಟ್ಟೆನೋವು. ಅವರು ಹಿಂದಿನ ದಿನದ ಮೊಸರನ್ನು ಬೈದುಕೊಂಡರು. ಹಸಿರಾದ ಗಡ್ಡೆಯಲ್ಲಿ ಏರೋ ಸೋಲನೈನ್ ಅನ್ನೋ ವಿಷ ಸಿಕ್ಕಿಬೀಳದೆ ಇರೋದು ಹೀಗೇ. ವಾಂತಿ, ಭೇದಿ, ಹೊಟ್ಟೆನುಲಿತ, ತಲೆನೋವು ತಿಂದು ಕೆಲವು ಗಂಟೆ ಆದ ಮೇಲೆ ಬರುತ್ತವೆ. ಅಷ್ಟರಲ್ಲಿ ಬೇರೆ ಏನೇನೋ ತಿಂದಿರುತ್ತೇವೆ, ಆಲೂಗಡ್ಡೆ ಮೇಲೆ ಯಾರಿಗೂ ಅನುಮಾನ ಹೋಗಲ್ಲ.

ಕುದಿಸಿದರೆ ಎಲ್ಲ ಹೋಗುತ್ತೆ ಅನ್ನೋದು ಭಟ್ಟರ ವಾದ. ಹೋಗಲ್ಲ. ಬೋಂಡದ ಎಣ್ಣೆ ಕಾದರೂ ನೂರ ಎಂಬತ್ತು ಡಿಗ್ರಿ ಆಸುಪಾಸು, ಆ ಬಿಸಿಗೂ ಅದು ಬಹುಪಾಲು ಹಾಗೇ ಉಳಿಯುತ್ತದೆ. ಅವರ ಸಮಾಧಾನಕ್ಕೆ ಹಸಿರು ಗಡ್ಡೆಯನ್ನು ಉಪ್ಪುನೀರಿನಲ್ಲಿ ನೆನೆಸಿದೆ, ಅರಿಶಿನ ಹಾಕಿ ಬೇಯಿಸಿದೆ, ಹುಣಸೆಹಣ್ಣಿನ ನೀರೂ ಆಯ್ತು. ಪ್ರತಿ ಸಲ ಸಾಸಿವೆಯಷ್ಟು ಚೂರು ನಾಲಿಗೆ ತುದಿಗೆ ಇಟ್ಟು ಉಗಿದೆವು. ಕಹಿ ಕದಲಲಿಲ್ಲ. ಆಮೇಲೆ ಭಟ್ಟರು ಸುಮ್ಮನಾದರು.

ಇಡುವ ವಿಷಯದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಪ್ಯಾಸೇಜಿನ ಟ್ಯೂಬ್‌ಲೈಟ್. ನೆಟ್ ಚೀಲದ ಮೂಟೆಗಳಲ್ಲಿ ದೀಪದ ಕಡೆ ಇದ್ದ ಗಡ್ಡೆಗಳು ಮಾತ್ರ ಹಸಿರು, ಅದೂ ದೀಪಕ್ಕೆ ಮುಖ ಮಾಡಿದ ಅರ್ಧ ಮಾತ್ರ. ಬಿಸಿಲೇ ಬೇಕಾಗಿಲ್ಲ, ರಾತ್ರಿಯಿಡೀ ಉರಿಯೋ ದೀಪ ನಾಲ್ಕೈದು ದಿನದಲ್ಲಿ ಆ ಕೆಲಸ ಮಾಡುತ್ತದೆ. ಸರಿ, ಕತ್ತಲೆ ಬೇಕು ಅಂತ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿದೆ. ಹಸಿರಾಗಲಿಲ್ಲ, ಕೊಳೆಯಿತು. ಆ ವಾಸನೆ ಬೇಡಪ್ಪಾ. ಫ್ರಿಜ್ಜಿನಲ್ಲಿಟ್ಟದ್ದು ಸಿಹಿಯಾಯ್ತು, ಚಿಪ್ಸ್ ಕರಿದರೆ ಕಪ್ಪಗಾಯ್ತು. ತಣ್ಣಗಾದರೆ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಅದಕ್ಕೆ.

ಕೊನೆಗೆ ನಿಂತ ವಿಧಾನ ಇದು. ತರುವಾಗಲೇ ಹೆಬ್ಬೆರಳಲ್ಲಿ ಒತ್ತಿ ಉಜ್ಜುತ್ತೇನೆ. ಸಿಪ್ಪೆ ಜಾರಿ ಬಂದರೆ ಅದು ಎಳೆಯದು, ಆ ವಾರವೇ ಅಡುಗೆಗೆ. ಸಿಪ್ಪೆ ಕಚ್ಚಿಕೊಂಡಿದ್ದರೆ ಮಾತ್ರ ದಾಸ್ತಾನಿಗೆ. ತೊಳೆಯೋ ಹಾಗಿಲ್ಲ, ಒಣಗಿದ ಮಣ್ಣನ್ನು ಕೈಯಲ್ಲಿ ಸವರಿದರೆ ಸಾಕು. ಗುದ್ದಲಿ ಏಟು ಬಿದ್ದದ್ದು, ಬಿದ್ದು ಜಜ್ಜಿದ್ದು ಬೇರೆ. ಏಟು ತಿಂದ ಗಡ್ಡೆ ಹಸಿರಾಗದೆಯೂ ವಿಷ ಕೂಡಿಸಿಕೊಳ್ಳುತ್ತದೆ. ಆಮೇಲೆ ಹತ್ತು ದಿನದ ಹಾಗೆ ಕತ್ತಲಲ್ಲೇ, ಗಾಳಿಯಾಡುವಂತೆ ತೆಳ್ಳಗೆ ಹರಡುತ್ತೇನೆ, ಸಿಪ್ಪೆ ಬಲಿಯಲಿ ಅಂತ. ನಂತರ ಟೊಮೆಟೊ ಕ್ರೇಟುಗಳಿಗೆ ಮುಕ್ಕಾಲು ತುಂಬಿ, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಪೇರಿಸಿ, ಎರಡು ಪದರ ಒಣ ಗೋಣಿ ಹೊದಿಸುತ್ತೇನೆ. ಕಿಟಕಿಗೆ ಕಪ್ಪು ಬಟ್ಟೆ, ಕೋಣೆಯ ಬಲ್ಬ್ ಕಿತ್ತು ಹಾಕಿದ್ದೇನೆ. ಇಲ್ಲದಿದ್ದರೆ ಹುಡುಗರು ಆರಿಸೋದನ್ನು ಮರೆಯುತ್ತಾರೆ. ಈರುಳ್ಳಿ ಬೇರೆ ಕೋಣೆಗೆ. ಪದರಗಳ ಮಧ್ಯೆ ಇನ್ನೊಂದು ವಸ್ತು ಹಾಕುತ್ತೇನೆ, ಅದು ಏನು ಅಂತ ಭಾವನಿಗೇ ಹೇಳಿಲ್ಲ, ಇಲ್ಲೂ ಹೇಳಲ್ಲ.

ಹಸಿರಾದದ್ದನ್ನು ಮತ್ತೆ ಕತ್ತಲಲ್ಲಿಟ್ಟರೆ ಸರಿಹೋಗುತ್ತಾ ಅಂತಲೂ ನೋಡಿದೆ. ಕೆಲವು ವಾರದಲ್ಲಿ ಬಣ್ಣ ಸ್ವಲ್ಪ ಮಾಸಿತು, ಕಹಿ ಹಾಗೇ ಇತ್ತು. ಹಸಿರು ಬಣ್ಣ ಎಲೆಯಲ್ಲಿರೋ ಪತ್ರಹರಿತ್ತೇ, ಅದರಿಂದ ತೊಂದರೆ ಇಲ್ಲ. ಬೆಳಕು ಬಿದ್ದಾಗ ಸೋಲನೈನೂ ಜೊತೆಯಲ್ಲೇ ಏರುತ್ತದೆ, ಬಣ್ಣ ಹೋದರೂ ಅದು ಹೋಗಲ್ಲ. ಹಾಗಾಗಿ ಮಾಸಿದ ಗಡ್ಡೆಯೇ ಹೆಚ್ಚು ಅಪಾಯ.

ಇನ್ನು ಆರಿಸೋದು. ಮಸಾಲೆ ದೋಸೆಗೆ ನಾವೆಲ್ಲ ಸಿಪ್ಪೆ ಸಮೇತ ಬೇಯಿಸಿಯೇ ಸುಲಿಯೋದು ಅಲ್ವಾ? ಬೆಂದ ಮೇಲೆ ಹಸಿರು ಮಂಕಾಗಿ ಕಣ್ಣಿಗೆ ಬೀಳಲ್ಲ. ಅದಕ್ಕೇ ಕುಕ್ಕರಿಗೆ ಹಾಕುವ ಮುಂಚೆ ಹಗಲು ಬೆಳಕಿನಲ್ಲಿ ಉಗುರಿನಿಂದ ಸಿಪ್ಪೆ ಗೀರಿ ನೋಡಬೇಕು. ಮೇಲೆ ಕಂದು ಕಂಡರೂ ಒಳಗೆ ತಿಳಿಹಸಿರು ಇರುತ್ತದೆ. ಕಳೆದ ನವೆಂಬರಿನಲ್ಲಿ ಬಿಚ್ಚಿದ ಒಂದು ಮೂಟೆಯ ಮಾಲಿನ ಲೆಕ್ಕ ಹೇಳುತ್ತೇನೆ. ಸುಮಾರು ನಲವತ್ತು ಕೆಜಿ ಗಟ್ಟಿ, ಶುದ್ಧ. ಏಳೆಂಟು ಕೆಜಿಯಲ್ಲಿ ಅಕ್ಕಿಕಾಳಿನಷ್ಟು ಮೊಳಕೆ, ಇಲ್ಲವೇ ಒಂದೇ ಕಡೆ ಸಣ್ಣ ಹಸಿರು ಮಚ್ಚೆ. ಇವನ್ನು ಹಸಿಯಾಗಿಯೇ ದಪ್ಪಗೆ ಹೆರೆದೆವು. ಪೀಲರ್ ಒಂದು ಸಲ ಎಳೆದರೆ ಸಾಲದು, ಚಾಕುವಿನಲ್ಲಿ ಮೂರು ಮಿಲಿಮೀಟರಿನಷ್ಟು ಹೋಗಬೇಕು. ಕಣ್ಣನ್ನು ಬುಡದ ಸಮೇತ ಚಾಕು ತುದಿಯಿಂದ ತಿರುವಿ ತೆಗೆದೆವು. ವಿಷ ಹೆಚ್ಚು ಕೂರೋದು ಸಿಪ್ಪೆಯಲ್ಲಿ, ಅದರ ಕೆಳಗಿನ ಪದರದಲ್ಲಿ, ಕಣ್ಣಿನ ಸುತ್ತ. ಮೊಳಕೆಯಲ್ಲಂತೂ ವಿಪರೀತ. ಉಳಿದ ಎರಡು ಮೂರು ಕೆಜಿ ಗುಂಡಿಗೆ: ಹೆರೆದ ಮೇಲೂ ಹಸಿರು ಕಂಡವು, ಕಾಲು ಭಾಗಕ್ಕಿಂತ ಜಾಸ್ತಿ ಹಸಿರಾದವು, ಉದ್ದ ಮೊಳಕೆ ಬಂದು ಸುಕ್ಕಾದವು. ಗೋಲಿಯಷ್ಟು ಸಣ್ಣವು ಹಸಿರಾದರೆ ಹೆರೆಯೋಕೂ ಹೋಗಲ್ಲ, ಅದರಲ್ಲಿ ಸಿಪ್ಪೆಯೇ ಜಾಸ್ತಿ.

ಶಾಲೆ ಮಕ್ಕಳ ಆರ್ಡರಿಗೆ ಹೆರೆದ ಮಾಲು ಹಾಕುವುದಿಲ್ಲ. ಲೆಕ್ಕ ನೋಡಿ. ಕೆಜಿ ಗಡ್ಡೆಯಲ್ಲಿ ಈ ವಿಷ 200 ಮಿಲಿಗ್ರಾಂ ಮೇಲಿದ್ದರೆ ತಿನ್ನಬಾರದು ಅನ್ನೋದು ರೂಢಿಯ ಮಿತಿ. ಮೈತೂಕದ ಕೆಜಿಗೆ 2 ಮಿಲಿಗ್ರಾಂ ಆದರೆ ಕಾಯಿಲೆ ಶುರುವಾಗಬಹುದು. ಐವತ್ತು ಕೆಜಿ ಆಳಿಗೆ ಮಿತಿಯಂಚಿನ ಗಡ್ಡೆ ಅರ್ಧ ಕೆಜಿ ಬೇಕು. ಹದಿನೈದು ಕೆಜಿಯ ಮಗುವಿಗೆ ನೂರೈವತ್ತು ಗ್ರಾಂ ಸಾಕು, ಅಂದರೆ ಒಂದೂವರೆ ಗಡ್ಡೆ. 1969ರಲ್ಲಿ ಲಂಡನ್ನಿನ ಒಂದು ಶಾಲೆಯಲ್ಲಿ ಹಿಂದಿನ ಟರ್ಮಿನಿಂದ ಉಳಿದ ಆಲೂಗಡ್ಡೆ ತಿಂದು 78 ಹುಡುಗರು ಮಲಗಿದ್ದರು. ಇದನ್ನು ಹೇಳಿದ ಮೇಲೆಯೇ ಭಾವ ನಗೋದು ನಿಲ್ಲಿಸಿದ್ದು.

ಬಿತ್ತನೆ ಗಡ್ಡೆ ಮಿಕ್ಕಿದೆ, ಅಗ್ಗಕ್ಕೆ ತಗೊಳ್ಳಿ ಅಂತ ಜೂನಿನಲ್ಲಿ ಯಾರಾದರೂ ಬರುತ್ತಾರೆ. ಮುಟ್ಟಬೇಡಿ. ಮೊಳಕೆ ಗಟ್ಟಿಯಾಗಲಿ ಅಂತ ಬೇಕಂತಲೇ ಬೆಳಕಿನಲ್ಲಿಟ್ಟ ಮಾಲು ಅದು, ಔಷಧಿಯಲ್ಲಿ ಅದ್ದಿರಲೂಬಹುದು.

ಹಸಿರು ಸಿಪ್ಪೆ, ಮೊಳಕೆಗಳನ್ನು ಹಸುವಿಗೆ ಒಯ್ಯುವವರ ಬಕೆಟ್ಟಿಗೂ ಹಾಕಬೇಡಿ, ದನಕ್ಕೂ ಅದು ವಿಷವೇ. ನಾನು ಹಿತ್ತಲಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಹೂಳುತ್ತೇನೆ. ಮೇಲೆಮೇಲೆ ಹೂತರೆ ಮಳೆಗೆ ಗಿಡ ಎದ್ದು ಅಂಗಮಾರಿ ರೋಗ ಸಾಕುತ್ತದೆ, ಪಕ್ಕದ ಹೊಲದವರು ಜಗಳಕ್ಕೆ ಬರುತ್ತಾರೆ.