ಸೀಡ್ ಫ್ರೇಸ್ ಬೇರೆಯವರಿಗೆ ಕಂಡಿದ್ದರೆ ಪಿನ್ ಬದಲಿಸಿ ಸುಮ್ನಾಗಬೇಡಿ

ದಾವಣಗೆರೆಯ ಗೆಳೆಯರೊಬ್ಬರು ಮೊಬೈಲ್ ರಿಪೇರಿಗೆ ಕೊಟ್ಟಿದ್ದರು. ಗ್ಯಾಲರಿಯಲ್ಲಿ ಕ್ರಿಪ್ಟೋ ವಾಲೆಟ್‌ನ ಸೀಡ್ ಫ್ರೇಸ್, ಅಂದರೆ ವಾಲೆಟ್ ಮತ್ತೆ ತೆರೆಯಲು ಬೇಕಾದ 12 ಪದಗಳ ಸ್ಕ್ರೀನ್‌ಶಾಟ್ ಇತ್ತು! "ಪಿನ್ ಬದಲಿಸಿದ್ದೀನಲ್ಲ, ಸಾಕಲ್ವಾ?" ಅಂದರು. ಸಾಲದು. ಪಿನ್ ಆ ಫೋನಿನ ಆ್ಯಪ್‌ಗೆ ಮಾತ್ರ ಬೀಗ. ಹಣ ಸಾಗಿಸಲು ಬೇಕಾದ ಗುಟ್ಟಿನ ಪ್ರೈವೇಟ್ ಕೀಗಳು ಹುಟ್ಟುವುದು ಆ ಪದಗಳಿಂದ. ಅವು ಸಿಕ್ಕವರು ಬೇರೆ ಫೋನಿನಲ್ಲಿ ಅದೇ ವಾಲೆಟ್ ತೆರೆದು ಹಣ ಸಾಗಿಸಬಹುದು. ಹೋದ ಹಣವನ್ನು ವಾಪಸ್ ಎಳೆಯಲು ಆಗಲ್ಲ.

ಹೀಗಾದರೆ ತಕ್ಷಣ ಹೊಸ ಸೀಡ್ ಫ್ರೇಸ್‌ನ ವಾಲೆಟ್ ಮಾಡಿ. ಹಳೆಯದರಲ್ಲೇ ಇನ್ನೊಂದು ಅಕೌಂಟ್ ಸೇರಿಸಿದರೆ ಪ್ರಯೋಜನವಿಲ್ಲ, ಪದಗಳು ಅವೇ ಇರುತ್ತವೆ. ಹೊಸ ಪದಗಳನ್ನು ಕ್ರಮ ತಪ್ಪದೆ ಕಾಗದದ ಮೇಲೆ ಬರೆದು, ಎರಡು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡಿ. ಆಮೇಲೆ ಹಣವನ್ನೆಲ್ಲ ಅಲ್ಲಿಗೆ ಕಳಿಸಿ. ಕಾಗದ ಕಳೆದು ಫೋನೂ ಕೆಟ್ಟರೆ ಇಂಥ ವಾಲೆಟ್‌ನ ಕಂಪನಿಯವರನ್ನು ಕೇಳಿಯೂ ಪ್ರಯೋಜನವಿಲ್ಲ, ಆ ಪದಗಳು ಅವರ ಹತ್ತಿರ ಇರೋದಿಲ್ಲ.