ವಾಪಸ್ ಬಂದ ಪ್ರಯಾಣ ಕ್ಲೇಮು ಪಾಸಾದದ್ದು ಹೀಗೆ

ಬಳ್ಳಾರಿಯಿಂದ ರಾಯಚೂರಿಗೆ ಎರಡು ದಿನದ ಕೆಲಸ. ಖರ್ಚು 4,295 ರೂಪಾಯಿ ಅಂತ ಒಂದೇ ಮೊತ್ತ ಬರೆದು, ಫೋನ್‌ಪೇ ಸ್ಕ್ರೀನ್‌ಶಾಟ್ ಲಗತ್ತಿಸಿದ್ದ ಮೇಲ್ ಅಕೌಂಟ್ಸ್‌ನಿಂದ ವಾಪಸ್ ಬಂತು. ಸ್ಕ್ರೀನ್‌ಶಾಟ್‌ನಲ್ಲಿ ದುಡ್ಡು ಹೋದದ್ದು ಕಾಣುತ್ತದೆ, ಯಾವುದಕ್ಕೆ ಹೋಯಿತು ಎಂಬುದು ಕಾಣುವುದಿಲ್ಲ. ಹಾಗಾಗಿ ಅದು ಬಿಲ್ಲಿಗೆ ಬದಲಿಯಲ್ಲ.

ಲಾಡ್ಜಿಗೆ ಫೋನ್ ಮಾಡಿ, ಹೆಸರು, ತಾರೀಖು, ಬಿಲ್ ನಂಬರ್ ಇರುವ ಪ್ರತಿ ತರಿಸಿಕೊಂಡೆ. ಆಮೇಲೆ ಮೇಲ್ ಹೀಗಾಯಿತು:

"ವಿಷಯ: ರಾಯಚೂರು ಪ್ರಯಾಣ ವೆಚ್ಚ, 4,285 ರೂ.
ಬಿಲ್ 1: ಲಾಡ್ಜ್, 2 ರಾತ್ರಿ, 2,800
ಬಿಲ್ 2, 3: ಬಸ್ ಟಿಕೆಟ್, 460
ಬಿಲ್ 4, 5: ಊಟ, 400 + 385
ಆಟೊ, 3 ಸಲ, 240: ಬಿಲ್ ಇಲ್ಲ, ಸ್ವಯಂ ಘೋಷಣೆ ಲಗತ್ತಿಸಿದೆ.
ಮೊದಲ ದಿನದ ಊಟದ ಬಿಲ್ 410. ಪ್ರಯಾಣ ನೀತಿಯ ದಿನದ ಮಿತಿ 400 ಇರುವುದರಿಂದ 10 ರೂ. ಬಿಟ್ಟಿದ್ದೇನೆ."

ಆ ಹತ್ತು ರೂಪಾಯಿ ನಾವೇ ಬಿಡದಿದ್ದರೆ ಅಕೌಂಟ್ಸ್‌ನವರು ಕಡಿತ ಮಾಡುತ್ತಾರೆ; ಆಗ ಮೊತ್ತ ತಾಳೆಯಾಗದೆ ಇಡೀ ಕ್ಲೇಮು ಮತ್ತೆ ನಿಲ್ಲುತ್ತದೆ. ಮೇಲ್‌ನಲ್ಲಿ ಬಿಲ್ 1, 2 ಎಂದು ಕೊಟ್ಟ ನಂಬರೇ ಬಿಲ್ಲಿನ ಮೇಲೂ ಫೈಲ್ ಹೆಸರಿನಲ್ಲೂ ಇರಲಿ. ಬಸ್ ಟಿಕೆಟ್ ಥರ್ಮಲ್ ಕಾಗದ; ನಮ್ಮ ಬಿಸಿಲಿಗೆ ಜೇಬಿನಲ್ಲೇ ಅಕ್ಷರ ಮಾಸುತ್ತದೆ, ಇಳಿದ ತಕ್ಷಣ ಫೋಟೊ ತೆಗೆಯಿರಿ.